ಸರ್ಟಿಫಿಕೇಟ್ ಇದೆ, ಆದರೆ ಅನುಮತಿ ಇದೆಯೇ?

“ನಮ್ಮ ಕಂಪನಿ ರಿಜಿಸ್ಟರ್ ಆಗಿದೆ ಭಾಯಿ, ಬೇಕಾದರೆ ಸರ್ಟಿಫಿಕೇಟ್ ನೋಡಿ.” ಹಣ ಹೂಡಿ ಎಂದು ಮನೆಗೆ ಬರುವವರು ಸಾಮಾನ್ಯವಾಗಿ ಮೊದಲು ಹೇಳುವ ಮಾತು ಇದು. ಕೇಳಿದ ನಾವು ಸರ್ಟಿಫಿಕೇಟ್ ನೋಡುತ್ತೇವೆ. ಅದರಲ್ಲಿ ಅಶೋಕ ಸ್ತಂಭದ ಮುದ್ರೆ ಇರುತ್ತದೆ, ಒಂದು ಉದ್ದದ ಸಂಖ್ಯೆ ಇರುತ್ತದೆ, ಕೇಂದ್ರ ಸರ್ಕಾರದ ಸಚಿವಾಲಯದ ಹೆಸರಿರುತ್ತದೆ. ಸರ್ಕಾರವೇ ಒಪ್ಪಿದ ಮೇಲೆ ಇನ್ನೇನು ಎಂದು ನಿಶ್ಚಿಂತರಾಗುತ್ತೇವೆ.

ಇಲ್ಲಿ ಎಡವುವುದು ಸರ್ಟಿಫಿಕೇಟ್ ನಕಲಿಯಾದಾಗ ಮಾತ್ರವಲ್ಲ. ಅನೇಕ ಸಲ ಅದು ಅಸಲಿಯೇ ಆಗಿರುತ್ತದೆ. ಆದರೆ ಕಂಪನಿ ಎಂಬುದೊಂದು ಇದೆ ಎಂದು ಹೇಳುವ ಕಾಗದವೇ ಬೇರೆ, ಆ ಕಂಪನಿ ಜನರಿಂದ ಹಣ ಪಡೆಯಬಹುದು ಎಂದು ಹೇಳುವ ಕಾಗದವೇ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂದು ನಂಬಿಸುತ್ತಾರೆ.

ಬೆಂಗಳೂರಿನ ಐಎಂಎ, ಅಂದರೆ ಐ ಮಾನಿಟರಿ ಅಡ್ವೈಸರಿಯ ಪ್ರಕರಣವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2019ರ ಜೂನ್‌ನಲ್ಲಿ ಅದರ ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹೋದರು, ಒಂದು ಆಡಿಯೊ ಹೊರಬಂತು, ಶಿವಾಜಿನಗರದಲ್ಲಿ ದೂರು ಕೊಡಲು ಸಾಲು ನಿಂತಿತು. ದೂರುಗಳು ನಲವತ್ತು ಸಾವಿರ ದಾಟಿದವು. ಹಜ್‌ಗೆಂದು ಕೂಡಿಟ್ಟದ್ದು, ಮಗಳ ನಿಕಾಹ್‌ಗೆಂದು ಇಟ್ಟದ್ದು, ನಿವೃತ್ತಿಯಾದಾಗ ಬಂದದ್ದು, ಒಡವೆ ಮಾರಿ ತಂದದ್ದು ಎಲ್ಲ ಅದರಲ್ಲಿತ್ತು. ಖಾನ್ ಅವರನ್ನು ಅದೇ ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು, ಆಮೇಲೆ ತನಿಖೆ ಸಿಬಿಐಗೆ ಹೋಯಿತು. ಇಷ್ಟು ಎಲ್ಲರಿಗೂ ಗೊತ್ತು. ಐಎಂಎ ಕಾಗದದ ಮೇಲೆ ನೋಂದಾಯಿತ ಸಂಸ್ಥೆಯೇ ಆಗಿತ್ತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗಲಿಲ್ಲ. ಅದಕ್ಕೆ ಕಚೇರಿಯಿತ್ತು, ಚಿನ್ನದ ಅಂಗಡಿಯಿತ್ತು, ನೋಂದಣಿ ಸಂಖ್ಯೆಯಿತ್ತು. “ಕಂಪನಿ ಇದೆಯೇ” ಎಂಬ ಒಂದೇ ಪ್ರಶ್ನೆ ಕೇಳಿದವರಿಗೆ “ಇದೆ” ಎಂಬ ಸರಿಯಾದ ಉತ್ತರವೇ ಸಿಗುತ್ತಿತ್ತು.

ಗೋಡೆಯ ಮೇಲಿನ ಚೌಕಟ್ಟುಗಳು

ಇಂಥ ಕಚೇರಿಗೆ ಹೋದರೆ ಗೋಡೆಯ ಮೇಲೆ ಐದಾರು ಸರ್ಟಿಫಿಕೇಟ್‌ಗಳು ಚೌಕಟ್ಟು ಹಾಕಿಸಿಕೊಂಡು ಕೂತಿರುತ್ತವೆ. ಒಂದೊಂದೂ ಏನು ಹೇಳುತ್ತದೆ ಎಂದು ಬಿಡಿಸಿ ನೋಡಿದರೆ ಸಾಕು.

ಕಂಪನಿ ಅಥವಾ ಎಲ್‌ಎಲ್‌ಪಿಯ ನೋಂದಣಿ ಪತ್ರ ಒಂದು ಜನನ ಪ್ರಮಾಣಪತ್ರದಂತೆ. ಇಂಥ ದಿನ, ಇಂಥ ಹೆಸರಿನಲ್ಲಿ, ಇಂಥ ವಿಳಾಸದಲ್ಲಿ ಒಂದು ಸಂಸ್ಥೆ ಹುಟ್ಟಿತು ಎಂದಷ್ಟೇ ಅದು ಹೇಳುತ್ತದೆ. ಇಬ್ಬರು ಜನ, ಒಂದು ಬಾಡಿಗೆ ವಿಳಾಸ, ಕೆಲವು ಸಾವಿರ ರೂಪಾಯಿ ಇದ್ದರೆ ಒಬ್ಬ ಲೆಕ್ಕಪರಿಶೋಧಕರ ಸಹಾಯದಿಂದ ಕೆಲವೇ ದಿನಗಳಲ್ಲಿ ಅದನ್ನು ಪಡೆಯಬಹುದು. ಪ್ಯಾನ್ ಕಾರ್ಡ್ ಆದಾಯ ತೆರಿಗೆಗೆ, ಜಿಎಸ್‌ಟಿ ಸಂಖ್ಯೆ ಮಾರಾಟ ತೆರಿಗೆಗೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯ ಸರ್ಟಿಫಿಕೇಟ್, ಆಧಾರ್ ಸಂಖ್ಯೆ ಹಾಕಿ ನಾವೇ ಘೋಷಣೆ ಮಾಡಿಕೊಂಡು ಉಚಿತವಾಗಿ ಪಡೆಯುವಂಥದ್ದು. ಐಎಸ್‌ಒ ಪತ್ರವನ್ನು ಸರ್ಕಾರ ಕೊಡುವುದೇ ಇಲ್ಲ, ಖಾಸಗಿ ಸಂಸ್ಥೆಗಳು ಕೊಡುತ್ತವೆ. ನಗರಪಾಲಿಕೆಯ ಟ್ರೇಡ್ ಲೈಸೆನ್ಸ್ ಅಂಗಡಿಯ ಬಾಗಿಲು ತೆರೆಯಲು.

ಇವೆಲ್ಲ ಅಸಲಿ ಇದ್ದರೂ ಈ ರಾಶಿಯಲ್ಲಿ “ಇವರು ಸಾರ್ವಜನಿಕರಿಂದ ಹಣ ಪಡೆಯಬಹುದು” ಎಂದು ಹೇಳುವ ಕಾಗದ ಒಂದೂ ಇಲ್ಲ. ಚೌಕಟ್ಟುಗಳು ಎಷ್ಟಿವೆ ಎಂದು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ.

ನಮ್ಮ ಸಮುದಾಯದಲ್ಲಿ ಇನ್ನೊಂದು ಚೌಕಟ್ಟೂ ಇರುತ್ತದೆ: ಶರೀಅತ್ ಪ್ರಕಾರ ಇದೆ ಎಂಬ ಪತ್ರ. ಅದನ್ನು ಕೊಟ್ಟ ಆಲಿಮರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೆ ಅವರು ಅಭಿಪ್ರಾಯ ಕೊಡುವುದು ತಮ್ಮ ಮುಂದಿಟ್ಟ ಒಪ್ಪಂದದ ಬರಹದ ಮೇಲೆ. ಲೆಕ್ಕದ ಪುಸ್ತಕ ತರಿಸಿ, ಬ್ಯಾಂಕ್ ಖಾತೆ ತೆಗೆಸಿ ನೋಡುವುದು ಅವರ ಕೆಲಸವಲ್ಲ, ಅದನ್ನು ಅವರು ಮಾಡಿರುವುದೂ ಇಲ್ಲ.

ಮೊಬೈಲ್‌ನಲ್ಲಿ ಅರ್ಧ ಗಂಟೆ

ಹಾಗಾದರೆ ಪರಿಶೀಲಿಸುವುದು ಹೇಗೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಒಂದು ಮನೆ. ಅಬ್ಬಾ ಹೊಲಿಗೆಯ ಕೆಲಸದಲ್ಲಿ ಮೂವತ್ತು ವರ್ಷ ದುಡಿದು ಎರಡು ಲಕ್ಷ ರೂಪಾಯಿ ಉಳಿಸಿದ್ದಾರೆ. ಪರಿಚಯದವರೊಬ್ಬರು ಬಂದು ಒಂದು ಎಲ್‌ಎಲ್‌ಪಿಯ ವಿಷಯ ಹೇಳುತ್ತಾರೆ. ಚಿನ್ನ ಮತ್ತು ಜಮೀನಿನ ವ್ಯಾಪಾರ, ಏಳು ವರ್ಷದ ಅನುಭವ, ಮೂರು ಸಾವಿರ ಪಾಲುದಾರರು, ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ರೂಪಾಯಿ ಹಲಾಲ್ ಲಾಭ, ಅಸಲು ಯಾವಾಗ ಬೇಕಾದರೂ ವಾಪಸ್. ನೋಂದಣಿ ಪತ್ರದ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಆ ಮನೆಯ ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳ ಕೈಗೆ ಮೊಬೈಲ್ ಕೊಡೋಣ.

ಅವಳು ಮೊದಲು ಹೋಗಬೇಕಾದದ್ದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣಕ್ಕೆ: mca.gov.in. ಏಜೆಂಟ್ ಕಳಿಸಿದ ಲಿಂಕ್ ಒತ್ತಬಾರದು, ವಿಳಾಸವನ್ನು ಕೈಯಾರೆ ಟೈಪ್ ಮಾಡಬೇಕು. ಅಲ್ಲಿ View Company or LLP Master Data ಎಂಬ ಸೇವೆಯಿದೆ. ಖಾತೆ ತೆರೆಯಲು ಕೇಳಿದರೆ ತೆರೆಯಬಹುದು, ಅದು ಉಚಿತ. ಕಂಪನಿಯಾದರೆ ಅದರ ಸಿಐಎನ್ ಸಂಖ್ಯೆಯನ್ನು, ಎಲ್‌ಎಲ್‌ಪಿಯಾದರೆ ಎಲ್‌ಎಲ್‌ಪಿಐಎನ್ ಸಂಖ್ಯೆಯನ್ನು ಹಾಕಬೇಕು. ಹೆಸರಿನಿಂದಲೂ ಹುಡುಕಬಹುದು. ಆದರೆ ಒಂದೇ ಥರದ ಹೆಸರುಗಳು ಹತ್ತಾರು ಬರುವುದರಿಂದ ಸಂಖ್ಯೆಯೇ ಮೇಲು.

ಕಂಪನಿಯ ಸಂಖ್ಯೆ ತಾನೇ ಕೆಲವು ವಿಷಯ ಹೇಳಿಬಿಡುತ್ತದೆ. ಅದು ಈ ರೀತಿ ಇರುತ್ತದೆ:

```
U62099KA2018PTC000000
```

ಒಟ್ಟು ಇಪ್ಪತ್ತೊಂದು ಅಕ್ಷರ. ಕೊನೆಯ ಆರು ಅಂಕಿ ಕ್ರಮಸಂಖ್ಯೆ. ಇಲ್ಲಿ ಸುಮ್ಮನೆ ಸೊನ್ನೆ ಹಾಕಿದೆ. ಮೊದಲಿನ U ಎಂದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ, ಇದ್ದರೆ L ಇರುತ್ತಿತ್ತು. ನಂತರದ ಐದು ಅಂಕಿ ಯಾವ ಬಗೆಯ ಉದ್ಯಮ ಎಂಬುದು. 62ರಿಂದ ಶುರುವಾದರೆ ಕಂಪ್ಯೂಟರ್ ಸಂಬಂಧಿ ಕೆಲಸ. KA ಎಂದರೆ ಕರ್ನಾಟಕ, 2018 ನೋಂದಣಿಯಾದ ವರ್ಷ, PTC ಎಂದರೆ ಪ್ರೈವೇಟ್ ಲಿಮಿಟೆಡ್. ಇಪ್ಪತ್ತು ವರ್ಷದಿಂದ ಇದ್ದೇವೆ ಎನ್ನುವವರ ಸಂಖ್ಯೆಯಲ್ಲಿ 2022 ಎಂದು ಕಂಡರೆ ಅಲ್ಲಿಯೇ ಒಂದು ಪ್ರಶ್ನೆ ಹುಟ್ಟುತ್ತದೆ. ಉದ್ಯಮದ ಅಂಕಿಯನ್ನು ಮಾತ್ರ ಬಹಳ ನೆಚ್ಚಿಕೊಳ್ಳಬೇಡಿ. ಎಷ್ಟೋ ಪ್ರಾಮಾಣಿಕ ಕಂಪನಿಗಳೂ ಅದನ್ನು ಅಂದಾಜಿನಲ್ಲಿ ತುಂಬಿಬಿಟ್ಟಿರುತ್ತವೆ.

ನಮ್ಮ ಹುಡುಗಿಯ ಕೈಯಲ್ಲಿರುವುದು ಎಲ್‌ಎಲ್‌ಪಿಯ ಸಂಖ್ಯೆ. ಅದನ್ನು ಹಾಕಿದಾಗ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಅವಳಿಗೆ ಕಂಡದ್ದು ಇಷ್ಟು ಎಂದಿಟ್ಟುಕೊಳ್ಳಿ. ಹೆಸರು ಸರಿಯಾಗಿದೆ. ಸ್ಥಿತಿ Active ಎಂದಿದೆ. ನೋಂದಣಿಯಾಗಿ ಎರಡು ವರ್ಷವಾಗಿದೆ. ಪಾಲುದಾರರ ಸಂಖ್ಯೆ 2. ಪಾಲುದಾರರೆಲ್ಲ ಸೇರಿ ಹಾಕಲು ಒಪ್ಪಿರುವ ಒಟ್ಟು ಬಂಡವಾಳ, ಅಂದರೆ Total Obligation of Contribution, ಒಂದು ಲಕ್ಷ ರೂಪಾಯಿ. ಲೆಕ್ಕಪತ್ರ ಸಲ್ಲಿಸಿದ ಕೊನೆಯ ವರ್ಷದ ಜಾಗ ಖಾಲಿ.

ಏಜೆಂಟ್ ಇಲ್ಲಿಯವರೆಗೂ ನಿಂತಿದ್ದರೆ ಸ್ಥಿತಿ Active ಎಂದಿರುವುದನ್ನು ಬೆರಳಿಟ್ಟು ತೋರಿಸುತ್ತಾರೆ. ಸಂಸ್ಥೆಯನ್ನು ಇನ್ನೂ ಪಟ್ಟಿಯಿಂದ ತೆಗೆದುಹಾಕಿಲ್ಲ ಎಂಬುದಷ್ಟೇ ಅದರ ಅರ್ಥ. ಅಲ್ಲಿ Strike Off ಎಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು. Active ಇದ್ದರೆ ಮುಂದಿನ ಸಾಲುಗಳನ್ನು ಓದಬೇಕು.

ಏಳು ವರ್ಷದ ಅನುಭವ ಎಂದವರ ಸಂಸ್ಥೆಗೆ ಎರಡೇ ವರ್ಷ. ಮೊದಲು ಬೇರೆ ಹೆಸರಿನಲ್ಲಿ ನಡೆಸುತ್ತಿದ್ದೆವು ಎನ್ನಬಹುದು. ಹಾಗಿದ್ದರೆ ಆ ಹೆಸರನ್ನು ಕೇಳಿ, ಅದನ್ನೂ ಇದೇ ತಾಣದಲ್ಲಿ ನೋಡಿ. ಇನ್ನು ಲೆಕ್ಕಪತ್ರ. ಎಲ್‌ಎಲ್‌ಪಿಗಳು ಪ್ರತಿ ವರ್ಷ ಎರಡು ಪತ್ರ ಸಲ್ಲಿಸಬೇಕು: ಮೇ 30ರೊಳಗೆ ವಾರ್ಷಿಕ ವರದಿ, ಅದು ಫಾರ್ಮ್ 11, ಅಕ್ಟೋಬರ್ 30ರೊಳಗೆ ಹಿಂದಿನ ಮಾರ್ಚ್‌ವರೆಗಿನ ಲೆಕ್ಕ, ಅದು ಫಾರ್ಮ್ 8. ಒಮ್ಮೊಮ್ಮೆ ತಡವಾಗುವುದುಂಟು. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ಲೆಕ್ಕ ಕೊಡದವರು ಪ್ರತಿ ತಿಂಗಳು “ಲಾಭ” ಹಂಚುತ್ತಿದ್ದಾರೆ ಎಂದರೆ ಲಾಭ ಎಷ್ಟೆಂದು ಅವರಿಗೆ ತಿಳಿದದ್ದಾದರೂ ಹೇಗೆ?

ಪಾಲುದಾರರ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು.

ಪಾಲುದಾರರೋ, ಠೇವಣಿದಾರರೋ

ಹಣ ಪಡೆಯುವವರು “ಠೇವಣಿ” ಎಂಬ ಪದವನ್ನು ಬಾಯಿಗೆ ತರುವುದಿಲ್ಲ. “ನೀವು ನಮ್ಮ ಪಾರ್ಟ್‌ನರ್” ಎನ್ನುತ್ತಾರೆ. ಇದು ಬರೀ ಆದರದ ಮಾತಲ್ಲ, ಹಿಂದೆ ಕಾನೂನಿನ ಲೆಕ್ಕಾಚಾರವಿದೆ. ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆಯುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಆದರೆ ಪಾಲುದಾರರು ತಮ್ಮದೇ ಸಂಸ್ಥೆಗೆ ಹಾಕುವ ಬಂಡವಾಳವನ್ನು ಅದು ಠೇವಣಿಯೆಂದು ಎಣಿಸುವುದಿಲ್ಲ. ಅದು ನ್ಯಾಯವೇ. ಅಣ್ಣತಮ್ಮಂದಿರು ಸೇರಿ ಅಂಗಡಿ ಇಟ್ಟರೆ ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಏಕೆ ಬೇಕು? ಆ ಬಾಗಿಲಿನಲ್ಲೇ ಇವರು ನುಸುಳುತ್ತಾರೆ. ಈ ಕಾಯ್ದೆ ಬರುವುದಕ್ಕೆ ಮೊದಲೂ ನಮ್ಮಲ್ಲಿ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇತ್ತು. ಹಣ ಹಾಕಿದವರೆಲ್ಲ ಎಲ್‌ಎಲ್‌ಪಿಗಳ ಪಾಲುದಾರರು, ಠೇವಣಿದಾರರಲ್ಲ ಎಂಬುದೇ ಆಗ ಐಎಂಎಯ ವಾದವಾಗಿತ್ತು.

ನೀವು ನಿಜವಾಗಿ ಪಾಲುದಾರರೇ ಎಂದು ತಿಳಿಯುವ ದಾರಿ ಇದೆ. ಎಲ್‌ಎಲ್‌ಪಿಗೆ ಹೊಸ ಪಾಲುದಾರ ಸೇರಿದರೆ ಮೂವತ್ತು ದಿನದೊಳಗೆ ಫಾರ್ಮ್ 4ರಲ್ಲಿ ಅದನ್ನು ಕಂಪನಿಗಳ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಹಾಗೆ ತಿಳಿಸಿದ್ದರೆ ಸಚಿವಾಲಯದ ಪುಟದಲ್ಲಿ ಪಾಲುದಾರರ ಸಂಖ್ಯೆ ಏರಿರುತ್ತದೆ. ನಮ್ಮ ಉದಾಹರಣೆಯಲ್ಲಿ ಬಾಯಲ್ಲಿ ಮೂರು ಸಾವಿರ, ಪುಟದಲ್ಲಿ ಎರಡು. ಉಳಿದ 2,998 ಜನ ಕಾನೂನಿನ ಕಣ್ಣಲ್ಲಿ ಪಾಲುದಾರರಾಗಿ ಕಾಣುತ್ತಿಲ್ಲ. ಬಂಡವಾಳದ ಸಾಲೂ ಅದನ್ನೇ ಹೇಳುತ್ತದೆ. ಮೂರು ಸಾವಿರ ಜನ ತಲಾ ಒಂದು ಲಕ್ಷ ಹಾಕಿದ್ದರೂ ಮೂವತ್ತು ಕೋಟಿಯಾಗಬೇಕು, ಪುಟದಲ್ಲಿರುವುದು ಒಂದು ಲಕ್ಷ. ಇನ್ನೂ ಆಳಕ್ಕೆ ಹೋಗಬೇಕೆಂದರೆ ಅದೇ ತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಸಂಸ್ಥೆ ಸಲ್ಲಿಸಿದ ದಾಖಲೆಗಳನ್ನೇ ತೆರೆದು ನೋಡಬಹುದು. View Public Documents ಎಂಬುದು ಆ ಸೇವೆಯ ಹೆಸರು. ಎರಡು ಲಕ್ಷ ಕೊಡುವ ಮುಂಚೆ ಆ ಖರ್ಚು ದೊಡ್ಡದಲ್ಲ.

ಸಂಖ್ಯೆ ಏರಿದ್ದರೂ ಕೆಲಸ ಮುಗಿಯಲಿಲ್ಲ ಎನ್ನಿ. ಸಾವಿರಾರು ಜನರನ್ನು ಕಾಗದದ ಮೇಲೆ ಪಾಲುದಾರರನ್ನಾಗಿ ಮಾಡಿಕೊಂಡು ಹಣ ಎತ್ತಲೂಬಹುದು. ಆದ್ದರಿಂದ ಇನ್ನೊಂದು ಪ್ರಶ್ನೆ ಬೇಕು: ನಷ್ಟವಾದರೆ ಏನು? ಪಾಲುದಾರಿಕೆ ಎಂದರೆ ಲಾಭ ನಷ್ಟ ಎರಡರಲ್ಲೂ ಪಾಲು. ಫಿಕ್ಹ್‌ನ ಮುದಾರಬದಲ್ಲಿಯೂ ಲಾಭವನ್ನು ಇಷ್ಟು ಪಾಲು ನಿಮಗೆ, ಇಷ್ಟು ಪಾಲು ನಮಗೆ ಎಂದು ಗೊತ್ತುಪಡಿಸಬೇಕೇ ಹೊರತು, ಹಾಕಿದ ಹಣದ ಮೇಲೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಕಟ್ಟುವಂತಿಲ್ಲ. ನಷ್ಟ ಬಂದರೆ, ವ್ಯಾಪಾರ ನಡೆಸುವವನ ತಪ್ಪಿಲ್ಲದಿದ್ದರೆ, ಅದು ಬಂಡವಾಳ ಹಾಕಿದವನಿಗೇ ಸೇರುತ್ತದೆ. ಈಗ ಏಜೆಂಟ್ ಹೇಳಿದ್ದನ್ನು ಮತ್ತೆ ಓದಿ: ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ, ಅಸಲು ಯಾವಾಗ ಬೇಕಾದರೂ ವಾಪಸ್. ಗೊತ್ತಾದ ಮೊತ್ತ, ಅಸಲಿಗೆ ಭರವಸೆ. ಇದಕ್ಕೆ ಹಲಾಲ್ ಎಂಬ ಹೆಸರಿಟ್ಟರೂ ಇದರ ರೂಪ ಬಡ್ಡಿಯ ಠೇವಣಿಯದೇ. ಕಾನೂನಿನ ಪ್ರಶ್ನೆಯೂ ಶರೀಅತ್‌ನ ಪ್ರಶ್ನೆಯೂ ಇಲ್ಲಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

“ಆದರೆ ಅವರು ನಮ್ಮ ಮಾಮೂಗೆ ಎರಡು ವರ್ಷದಿಂದ ತಪ್ಪದೆ ಕೊಡುತ್ತಿದ್ದಾರಲ್ಲ” ಎನ್ನುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ಅವರೂ ಸುಳ್ಳು ಹೇಳುತ್ತಿಲ್ಲ. ಒಂದು ಸಣ್ಣ ಲೆಕ್ಕ ಮಾಡಿ. ಮಾಮೂ ಕೊಟ್ಟದ್ದು ಒಂದು ಲಕ್ಷ. ಅದರಲ್ಲಿ ಐದು ಸಾವಿರ ಏಜೆಂಟನ ಕಮಿಷನ್‌ಗೆ ಹೋಯಿತು, ಉಳಿದದ್ದು ತೊಂಬತ್ತೈದು ಸಾವಿರ. ತಿಂಗಳಿಗೆ ಮೂರು ಸಾವಿರದಂತೆ ಅದು ಮೂವತ್ತೊಂದು ತಿಂಗಳು ಬರುತ್ತದೆ. ಯಾವ ವ್ಯಾಪಾರವನ್ನೂ ಮಾಡದೆ, ಮಾಮೂ ಅವರ ಹಣವನ್ನೇ ಮಾಮೂ ಅವರಿಗೆ ಎರಡೂವರೆ ವರ್ಷ “ಲಾಭ” ಎಂದು ಕೊಡಬಹುದು. ಅಷ್ಟರಲ್ಲಿ ಅವರನ್ನು ನೋಡಿ ನಾಲ್ಕು ಜನ ಸೇರಿರುತ್ತಾರೆ, ಗಾಡಿ ಇನ್ನೂ ಮುಂದೆ ಓಡುತ್ತದೆ. ಐಎಂಎ ಕೂಡ ವರ್ಷಗಟ್ಟಲೆ ಹಣ ಕೊಡುತ್ತಲೇ ಇತ್ತು.

ಅನುಮತಿಯನ್ನು ಎಲ್ಲಿ ನೋಡುವುದು

ಹೂಡಿಕೆಯ ಹಣ ಪಡೆಯುವ ಅನುಮತಿಯನ್ನು ಕಂಪನಿಗಳ ಸಚಿವಾಲಯ ಕೊಡುವುದಿಲ್ಲ. ಠೇವಣಿಯಾದರೆ ಮುಖ್ಯವಾಗಿ ರಿಸರ್ವ್ ಬ್ಯಾಂಕ್, ಮ್ಯೂಚುವಲ್ ಫಂಡ್, ಷೇರು, ಹೂಡಿಕೆ ಸಲಹೆ ಇತ್ಯಾದಿಯಾದರೆ ಸೆಬಿ, ಚೀಟಿ ವ್ಯವಹಾರವಾದರೆ ರಾಜ್ಯದ ಚೀಟಿ ನಿಧಿಗಳ ರಿಜಿಸ್ಟ್ರಾರ್. ಸಾಮಾನ್ಯ ಪ್ರೈವೇಟ್ ಲಿಮಿಟೆಡ್ ಕಂಪನಿ ಊರವರಿಂದ ಠೇವಣಿ ಪಡೆಯುವಂತಿಲ್ಲ. ಸಹಕಾರ ಸಂಘ ತನ್ನ ಸದಸ್ಯರಿಂದ ಮಾತ್ರ ಪಡೆಯಬಹುದು.

ಹೀಗಾಗಿ ಏಜೆಂಟ್‌ಗೆ ಕೇಳಬೇಕಾದ ಪ್ರಶ್ನೆ “ರಿಜಿಸ್ಟರ್ ಆಗಿದೆಯೇ” ಎಂಬುದಲ್ಲ. “ಈ ಹಣ ಪಡೆಯಲು ನಿಮಗೆ ಅನುಮತಿ ಕೊಟ್ಟವರು ಯಾರು, ಆ ಅನುಮತಿಯ ಸಂಖ್ಯೆ ಏನು” ಎಂದು ಕೇಳಿ. ಉತ್ತರ ಸೆಬಿ ಎಂದಾದರೆ sebi.gov.in ತಾಣದಲ್ಲಿ ನೋಂದಾಯಿತರ ಪಟ್ಟಿಯಿದೆ, ಹೆಸರು ಮತ್ತು ಸಂಖ್ಯೆ ಎರಡನ್ನೂ ಹೊಂದಿಸಿ ನೋಡಿ. ಉತ್ತರ ರಿಸರ್ವ್ ಬ್ಯಾಂಕ್ ಎಂದಾದರೆ ಅದೇ ಬ್ಯಾಂಕ್ ನಡೆಸುವ sachet.rbi.org.in ತಾಣಕ್ಕೆ ಹೋಗಿ. ಒಂದು ಸಂಸ್ಥೆ ಠೇವಣಿ ಪಡೆಯಬಹುದೇ ಎಂದು ಅಲ್ಲಿ ವಿಚಾರಿಸಬಹುದು, ಅನುಮಾನವಿದ್ದರೆ ದೂರನ್ನೂ ಕೊಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕೇತರ ಹಣಕಾಸು ಕಂಪನಿ ಎಂದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಲ್ಲಿ ಹೆಚ್ಚಿನವಕ್ಕೆ ಸಾಲ ಕೊಡಲು ಅನುಮತಿಯಿದೆ, ಠೇವಣಿ ಪಡೆಯಲು ಇಲ್ಲ. ಠೇವಣಿ ಪಡೆಯಬಹುದಾದವು ಕೆಲವೇ, ಅವುಗಳ ಪಟ್ಟಿ ಬೇರೆಯೇ ಇದೆ. “ನಮ್ಮದು ಆರ್‌ಬಿಐ ರಿಜಿಸ್ಟರ್ಡ್” ಎಂಬ ಮಾತಿಗೂ ಇಷ್ಟನ್ನು ಕೇಳಲೇಬೇಕು.

“ಸರ್ಕಾರ ನಮ್ಮನ್ನು ವಿಚಾರಣೆ ಮಾಡಿ ಏನೂ ತಪ್ಪಿಲ್ಲ ಎಂದಿದೆ” ಎಂಬ ಉತ್ತರವೂ ಬರಬಹುದು. ಐಎಂಎ ಬೀಳುವ ಮೊದಲೂ ವಿಚಾರಣೆಗಳು ನಡೆದಿದ್ದವು. ಆಮೇಲೆ ಅದೇ ವಿಷಯದಲ್ಲಿ ಕೆಲವು ಅಧಿಕಾರಿಗಳ ಮೇಲೆಯೇ ಆರೋಪಪಟ್ಟಿ ಬಂತು. ವಿಚಾರಣೆ ಮುಗಿದಿದೆ ಎಂಬುದು ಅನುಮತಿ ಪತ್ರವಲ್ಲ.

ಕೊನೆಗೆ ರಸೀದಿಯನ್ನು ನೋಡಿ. ಗೋಡೆಯ ಮೇಲಿನ ಪತ್ರದಲ್ಲಿ ಒಂದು ಹೆಸರು, ರಸೀದಿಯಲ್ಲಿ ಇನ್ನೊಂದು, ಹಣ ಹಾಕಲು ಹೇಳಿದ ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಹೆಸರಿದ್ದರೆ, ನೀವು ಪರಿಶೀಲಿಸಿದ ಸಂಸ್ಥೆಗೂ ಹಣ ತೆಗೆದುಕೊಂಡ ಸಂಸ್ಥೆಗೂ ಸಂಬಂಧವೇ ಇಲ್ಲದಿರಬಹುದು. ಗ್ರೂಪ್ ಎಂಬ ಪದದ ಕೆಳಗೆ ಹತ್ತು ಸಂಸ್ಥೆಗಳಿದ್ದರೆ ನಾಳೆ ನೀವು ದಾವೆ ಹೂಡಬೇಕಾದದ್ದು ರಸೀದಿಯಲ್ಲಿ ಹೆಸರಿರುವ ಸಂಸ್ಥೆಯ ಮೇಲೆ, ಚಿನ್ನದ ಅಂಗಡಿಯ ಮೇಲಲ್ಲ.

ಗಲ್ಫ್ ಕೆಲಸದ ವಿಷಯ

ಕೆಲಸ ಕೊಡಿಸುತ್ತೇವೆ ಎನ್ನುವವರ ವಿಷಯದಲ್ಲೂ ಇದೇ ಎರಡು ಪ್ರಶ್ನೆ. ಮಂಗಳೂರು, ಭಟ್ಕಳ, ಕಲಬುರಗಿ ಎಲ್ಲಿಂದಲೇ ಹೋಗಲಿ, ಸೌದಿ, ಯುಎಇ, ಕತಾರ್, ಕುವೈತ್‌ಗೆ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್‌ಗೆ 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದ ಪರವಾನಗಿ ಇರಲೇಬೇಕು. ಅವರು ತೋರಿಸುವುದು ಹೆಚ್ಚಾಗಿ ಟ್ರಾವೆಲ್ಸ್ ಅಂಗಡಿಯ ಟ್ರೇಡ್ ಲೈಸೆನ್ಸ್ ಮತ್ತು ಜಿಎಸ್‌ಟಿ. ಅವು ವಿಮಾನದ ಟಿಕೆಟ್ ಮಾರಲು ಸಾಕು, ಮನುಷ್ಯರನ್ನು ಕೆಲಸಕ್ಕೆ ಕಳಿಸಲು ಸಾಲವು.

emigrate.gov.in ತಾಣದಲ್ಲಿ ಪರವಾನಗಿ ಇರುವ ಏಜೆಂಟ್‌ಗಳ ಪಟ್ಟಿ ಇದೆ. ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ವಿಳಾಸ ಯಾವುದು ಎಂದು ನೋಡಿ. ಸಾಮಾನ್ಯವಾಗಿ ಬರುವ ಸಬೂಬು “ಮುಂಬೈಯ ದೊಡ್ಡ ಏಜೆನ್ಸಿಯ ಲೈಸೆನ್ಸ್ ಮೇಲೆ ನಾವು ಕೆಲಸ ಮಾಡುತ್ತೇವೆ” ಎಂಬುದು. ಆಗ ಪಟ್ಟಿಯಲ್ಲಿರುವ ಆ ಏಜೆನ್ಸಿಯ ಫೋನ್‌ಗೇ ಕರೆ ಮಾಡಿ, ಈ ವ್ಯಕ್ತಿ ನಿಮ್ಮವರೇ ಎಂದು ಕೇಳಿ. ಮಧ್ಯವರ್ತಿ ಕೊಟ್ಟ ಸಂಖ್ಯೆಗೆ ಮಾಡಿದರೆ ಅವನ ತಮ್ಮನೇ ಫೋನ್ ಎತ್ತಬಹುದು. ಪರವಾನಗಿ ಇರುವ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿಯಿದೆ: ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿಯೂ ಕೊಡಬೇಕು. “ವೀಸಾಗೆ ಒಂದೂವರೆ ಲಕ್ಷ, ರಸೀದಿ ಇಲ್ಲ” ಎನ್ನುವವನು ಪಟ್ಟಿಯಲ್ಲಿದ್ದರೂ ನಿಯಮ ಮೀರುತ್ತಿದ್ದಾನೆ.

ಆಚೆ ಕಡೆಯ ಕಂಪನಿಯನ್ನೂ ನೋಡಬಹುದು. ಯುಎಇಯಲ್ಲಿ ಖಾಸಗಿ ಕಂಪನಿಯ ಕೆಲಸದ ಪ್ರಸ್ತಾವ ಪತ್ರ ಅಲ್ಲಿನ ಕಾರ್ಮಿಕ ಸಚಿವಾಲಯದ ವ್ಯವಸ್ಥೆಯ ಮೂಲಕ ಬರುತ್ತದೆ, ಅದರ ಮೇಲಿನ ಸಂಖ್ಯೆಯನ್ನು mohre.gov.ae ತಾಣದಲ್ಲಿ ಪರಿಶೀಲಿಸಬಹುದು. ಸೌದಿಯಲ್ಲಿ ಕೆಲಸದ ಒಪ್ಪಂದಗಳು ಕಿವಾ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಲೆಟರ್‌ಹೆಡ್‌ನಲ್ಲಿ ಮಾತ್ರ ಬಂದ ಪತ್ರಕ್ಕೆ ಈ ಬೆಂಬಲವಿಲ್ಲ. ನಿಜವಾದ ದೊಡ್ಡ ಕಂಪನಿಯ ಹೆಸರನ್ನೇ ಕದ್ದು ಪತ್ರ ಮಾಡುವುದೂ ಇದೆ. ಆ ಕಂಪನಿ ಖಂಡಿತ ಇರುತ್ತದೆ, ಕೆಲಸ ಮಾತ್ರ ಇರುವುದಿಲ್ಲ. ಅದಕ್ಕೆ ಕಂಪನಿಯ ಸ್ವಂತ ತಾಣವನ್ನು ನೀವೇ ಹುಡುಕಿ, ಅಲ್ಲಿಂದ ಸಿಕ್ಕ ವಿಳಾಸಕ್ಕೆ ಬರೆದು ಕೇಳಿ. ಜಿಮೇಲ್‌ನಿಂದ ಬಂದ ನೇಮಕಾತಿ ಪತ್ರಕ್ಕೆ ಅದೇ ಜಿಮೇಲ್‌ಗೆ ಬರೆದು ಖಾತ್ರಿ ಪಡೆಯುವುದರಲ್ಲಿ ಅರ್ಥವಿಲ್ಲ.

“ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ” ಎಂದರೆ ನಿಂತುಬಿಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ವಲಸೆ ಅನುಮತಿ ಬೇಕು ಎಂದಿರುತ್ತದೆ. ಅಂಥವರು ಕೆಲಸದ ವೀಸಾದಲ್ಲಿ ಹೋಗುವಾಗ ಸರ್ಕಾರ ಒಪ್ಪಂದವನ್ನು ನೋಡಿ ಅನುಮತಿ ಕೊಡುತ್ತದೆ. ವಿಸಿಟ್ ವೀಸಾದಲ್ಲಿ ಕಳಿಸಿದರೆ ಆ ನೋಟವೇ ತಪ್ಪಿಹೋಗುತ್ತದೆ, ಏಜೆಂಟ್‌ಗೆ ಬೇಕಿರುವುದೂ ಅದೇ. ಅನುಮಾನವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಭಾರತದಿಂದ ಉಚಿತವಾಗಿ ಕರೆ ಮಾಡಿ ಕೇಳಬಹುದು.

ಈಗಾಗಲೇ ಹಣ ಕೊಟ್ಟಾಗಿದ್ದರೆ

ಕೊಟ್ಟವರು ಹೆಚ್ಚಾಗಿ ಸುಮ್ಮನಿರುತ್ತಾರೆ. ಕರೆತಂದವರು ನೆಂಟರು, ಜಮಾಅತ್‌ನವರು, ಮುಖ ಕೆಡುತ್ತದೆ ಎಂಬ ಸಂಕೋಚ. ಅಥವಾ ದೂರು ಕೊಟ್ಟರೆ ಇರುವುದೂ ಬರುವುದಿಲ್ಲ ಎಂಬ ಭಯ. ಏಜೆಂಟ್‌ಗಳು ಹೇಳಿಕೊಡುವುದೂ ಅದನ್ನೇ. ಆದರೆ ತಡವಾದಷ್ಟೂ ಮುಟ್ಟುಗೋಲಿಗೆ ಸಿಗುವ ಆಸ್ತಿ ಕಡಿಮೆಯಾಗುತ್ತದೆ. ರಸೀದಿ, ಒಪ್ಪಂದ, ಬ್ಯಾಂಕ್ ವಿವರ, ವಾಟ್ಸ್ಆ್ಯಪ್ ಮಾತುಕತೆ ಎಲ್ಲದರ ಪ್ರತಿ ಮಾಡಿಕೊಳ್ಳಿ. “ನವೀಕರಣಕ್ಕೆ ಬೇಕು” ಎಂದು ಮೂಲ ರಸೀದಿ ವಾಪಸ್ ಕೇಳಿದರೆ ಕೊಡಬೇಡಿ. ಆನ್‌ಲೈನ್‌ನಲ್ಲಿ ಈಗಷ್ಟೇ ಹಣ ಹೋಗಿದ್ದರೆ ಒಡನೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಆ ಹಣವನ್ನು ಖಾತೆಯಲ್ಲೇ ತಡೆಯುವ ಅವಕಾಶ ಹೆಚ್ಚು. ಠೇವಣಿ ರೂಪದ ಹಣವಾದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ಮೇಲೆ ಹೇಳಿದ 2004ರ ಮತ್ತು 2019ರ ಕಾಯ್ದೆಗಳ ಹೆಸರನ್ನು ದೂರಿನಲ್ಲಿ ಬರೆಯಿರಿ. ಸಂಸ್ಥೆಯ ಆಸ್ತಿ ಮುಟ್ಟುಗೋಲು ಹಾಕಿ, ಮಾರಿ, ಠೇವಣಿದಾರರಿಗೆ ಹಂಚುವ ದಾರಿ ಆ ಕಾಯ್ದೆಗಳಲ್ಲಿದೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಪೂರ್ತಿ ಹಣ ಬರುವುದು ಅಪರೂಪ.

ಇನ್ನೊಂದು ಮಾತು ಕಮಿಷನ್‌ಗಾಗಿ ನೆಂಟರನ್ನು ಸೇರಿಸುತ್ತಿರುವವರಿಗೆ. 2019ರ ಕಾಯ್ದೆ ಹಣ ಪಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಅಂಥ ಯೋಜನೆಯ ಪ್ರಚಾರ ಮಾಡುವುದನ್ನೂ ಸೇರಿರೆಂದು ಜಾಹೀರಾತು ಕೊಡುವುದನ್ನೂ ನಿಷೇಧಿಸಿದೆ. ನಾವು ಬರೀ ಪರಿಚಯ ಮಾಡಿಸಿದೆವು ಎಂಬ ಉತ್ತರ ಠಾಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.